ಹಳೇ ಕೇಸ್ ಶೀಟ್ ಸ್ಕ್ಯಾನಿಂಗ್: ನಮ್ಮ ಸಾಗರದ ಕ್ಲಿನಿಕ್ಕಿನ ಪ್ಲಾನ್

ಎಲ್ರಿಗೂ ನಮಸ್ಕಾರ. ಡಾಕ್ಟ್ರು ಒಪ್ಪಿದಾರೆ, ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು. ಜೂನ್ ಬಂತು ಅಂದ್ರೆ ಹಿಂದಿನ ರೂಮಲ್ಲಿ ಕಾಗದ ಥಂಡಿ ಹಿಡಿದು ಒಂದಕ್ಕೊಂದು ಅಂಟ್ಕೊಳತ್ತೆ, ಮಷೀನಿಗೆ ಎರಡೆರಡು ಹಾಳೆ ಒಟ್ಟಿಗೆ ಹೋಗತ್ತೆ, ಕರೆಂಟಂತೂ ಕೇಳೋದೇ ಬೇಡ.

ಮೊದ್ಲು ನಂಬರು. ಸ್ಕ್ಯಾನರ್ ಮುಟ್ಟೋಕೆ ಮುಂಚೆ ಓಪಿ ರಿಜಿಸ್ಟರ್ ನೋಡಿ ಪ್ರತಿ ಪೇಷೆಂಟಿನ ಕಟ್ಟಿನ ಮೇಲೆ ಆರಂಕಿ ನಂಬರು ಪೆನ್ಸಿಲಲ್ಲಿ ಬರೀಬೇಕು, ಇದು ರಿಸೆಪ್ಷನ್ ಅಕ್ಕನ ಕೆಲಸ. ಕಾರ್ಡ್ ಕಳ್ಕೊಂಡು ಎರಡು ನಂಬರು ಆಗಿರೋರು ತುಂಬ ಜನ ಇದಾರೆ, ಅವರಿಗೆ ಹಳೇ ನಂಬರೇ ಇರ್ಲಿ, ಹೊಸದನ್ನ ಇಂಡೆಕ್ಸಲ್ಲಿ ಷರಾ ಕಾಲಮ್ಮಲ್ಲಿ ಬರ್ದಿಡಿ. ಹೆಸರು ಒಂದೇ ಇದೆ ಅಂತ ಇಬ್ಬರದ್ದು ಸೇರಿಸ್ಬೇಡಿ, ತಾಳಗುಪ್ಪದ ಮಂಜುನಾಥ ಬೇರೆ, ಆನಂದಪುರದ ಮಂಜುನಾಥ ಬೇರೆ, ಒಬ್ಬರ ಪೆನ್ಸಿಲಿನ್ ಅಲರ್ಜಿ ಇನ್ನೊಬ್ಬರ ಫೈಲಲ್ಲಿ ಕೂತ್ರೆ ಜೀವಕ್ಕೇ ಬರತ್ತೆ. ಡೌಟ್ ಇದ್ರೆ ಪಕ್ಕಕ್ಕಿಡಿ, ಸಂಜೆ ಡಾಕ್ಟ್ರನ್ನ ಕೇಳಣ.

ಆಮೇಲೆ ಕಾಗದ ರೆಡಿ ಮಾಡೋದು. ಪಿನ್ನು, ಟಾಚಣಿ ಎಲ್ಲ ತೆಗೀರಿ, ಒಂದು ಪಿನ್ ಒಳಗೆ ಹೋದ್ರೂ ಗ್ಲಾಸ್ ಗೀರಿ ಆಮೇಲಿನ ಎಲ್ಲಾ ಹಾಳೆ ಮೇಲೂ ಉದ್ದ ಗೆರೆ ಬರತ್ತೆ. ಒದ್ದೆ ಹಾಳೆನ ಫ್ಯಾನ್ ಕೆಳಗೆ ಹರಡಿ, ಇಸ್ತ್ರಿ ಬೇಡ. ಒರಲೆ ತಿಂದಿರೋದು, ಹರಿದಿರೋದು ಫೀಡರಿಗೆ ಹಾಕ್ಬೇಡಿ, ಗ್ಲಾಸ್ ಮೇಲೆ ಒಂದೊಂದೇ ಇಟ್ಟು ಮಾಡಿ. ಮತ್ತೆ ಇಸಿಜಿ ಚೀಟಿ! ಅದು ಥರ್ಮಲ್ ಪೇಪರ್, ಬಿಸಿಲು ಶಾಖಕ್ಕೆ ಅಕ್ಷರ ಗ್ರಾಫು ಎಲ್ಲ ಮಾಸಿ ಹೋಗತ್ತೆ, ಅದಕ್ಕೇ ಯಾವ ಪೆಟ್ಟಿಗೆ ತೆಗೆದ್ರೂ ಇಸಿಜಿ ಮೊದ್ಲು, ಗ್ಲಾಸ್ ಮೇಲೇ ಇಟ್ಟು ಕಲರಲ್ಲಿ ಸ್ಕ್ಯಾನ್. ಎಕ್ಸ್‌ರೇ ಫಿಲ್ಮ್ ನಮ್ಮ ಸ್ಕ್ಯಾನರಲ್ಲಿ ಬರಲ್ಲ, ಅದ್ರ ರಿಪೋರ್ಟ್ ಮಾತ್ರ ಸಾಕು.

ಸೆಟ್ಟಿಂಗ್ ಒಂದೇ ಇರ್ಲಿ: 300 ಡಿಪಿಐ, ಗ್ರೇಸ್ಕೇಲ್, ಎರಡೂ ಬದಿ. ಬರೀ ಕಪ್ಪು-ಬಿಳುಪು ಹಾಕಿದ್ರೆ ಪೆನ್ಸಿಲ್ ಗುರುತು, ಕಾರ್ಬನ್ ಕಾಪಿ ಕಾಣದೇ ಹೋಗಬಹುದು. ಕೆಂಪು ಇಂಕಲ್ಲಿ ಅಲರ್ಜಿ ಬರ್ದಿರೋ ಹಾಳೆಗೂ ಕಲರ್.

ಹೆಸರಿಡೋದು ಹೀಗೆ, ಇದ್ರಲ್ಲಿ ರಾಜಿ ಇಲ್ಲ:

```
004217_2019-06-14_OP_01.pdf
004217_2019-06-14_LAB_01.pdf
```

ನಂಬರು, ಆಮೇಲೆ ಹಾಳೆಯ ಮೊದಲ ತಾರೀಖು ವರ್ಷದಿಂದ, ಆಮೇಲೆ ಥರ (`OP`, `IP`, `LAB`, `ECG`), ಕೊನೇಲಿ ಸರಣಿ. ವರ್ಷ ಮೊದ್ಲು ಯಾಕೆ ಅಂದ್ರೆ ಆಗ ಒಬ್ಬರ ಫೈಲೆಲ್ಲ ತಾನಾಗೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲತ್ತೆ. ದಿನ ಗೊತ್ತಿಲ್ಲ, ವರ್ಷ ಮಾತ್ರ ಗೊತ್ತು ಅಂದ್ರೆ `2016-00-00`, ಅಂದಾಜಿಗೆ ತಾರೀಖು ಹಾಕ್ಬೇಡಿ. ಪೇಷೆಂಟ್ ಹೆಸರು, ಕಾಯಿಲೆ ಹೆಸರು ಫೈಲ್ ಹೆಸರಲ್ಲಿ ಬರಲೇಬಾರ್ದು, ಸ್ಕ್ರೀನ್ ಪಕ್ಕದಲ್ಲಿ ನಿಂತೋರಿಗೆಲ್ಲ ಯಾರಿಗೆ ಏನಾಗಿದೆ ಅಂತ ಯಾಕೆ ಗೊತ್ತಾಗ್ಬೇಕು, ನಮ್ಮೂರು ಚಿಕ್ಕದು.

ಹೆಸರು ಇರೋದು ಇಂಡೆಕ್ಸಲ್ಲಿ, ಪಾಸ್‌ವರ್ಡ್ ಹಾಕಿರೋ ಒಂದೇ ಎಕ್ಸೆಲ್ ಶೀಟ್. ನಂಬರು, ಕನ್ನಡದಲ್ಲಿ ಹೆಸರು, ಇಂಗ್ಲಿಷಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ವರ್ಷ, ಫೈಲ್ ಹೆಸರು, ಪುಟ ಎಷ್ಟು, ಪೆಟ್ಟಿಗೆ ನಂಬರು, ಚೆಕ್ ಮಾಡಿದ್ಯಾರು, ಷರಾ. ವಯಸ್ಸು ಬರೀಬೇಡಿ, ಅದು ವರ್ಷವರ್ಷ ಬದಲಾಗತ್ತೆ. ಊರಿನ ಹೆಸರು ಲಿಸ್ಟಿಂದ ಆರಿಸೋ ಹಾಗೆ ಮಾಡಿದೀನಿ, ತುಮರಿನ ಒಬ್ಬರು ಒಂದೊಂದು ಥರ ಬರೆದ್ರೆ ಹುಡುಕೋವಾಗ ಸಿಗಲ್ಲ. ಸ್ಕ್ಯಾನ್ ಆದ ದಿನವೇ ಎಂಟ್ರಿ ಆಗ್ಬೇಕು, ನಾಳೆ ಅಂದ್ರೆ ಉಳಿದೇ ಹೋಗತ್ತೆ.

ಪ್ರಿಂಟ್ ಆಗಿರೋ ಲ್ಯಾಬ್ ರಿಪೋರ್ಟಿಗೆ ಮಾತ್ರ ಓಸಿಆರ್, ಅಂದ್ರೆ ಕಂಪ್ಯೂಟರೇ ಅಕ್ಷರ ಓದೋದು, ಅದನ್ನ ರಾತ್ರಿ ನಾನು ಓಡಿಸ್ತೀನಿ:

```
ocrmypdf -l kan+eng --deskew in.pdf out.pdf
```

ಡಾಕ್ಟ್ರ ಕೈಬರಹ ಅದಕ್ಕೆ ಓದೋಕೆ ಬರಲ್ಲ, ಹಾಗಾಗಿ ಕೇಸ್ ಶೀಟಿಗೆ ಇಂಡೆಕ್ಸೇ ಆಧಾರ.

ಚೆಕ್ಕಿಂಗ್ ಸಿಸ್ಟರ್ ಮಾಡ್ಲಿ, ಸ್ಕ್ಯಾನ್ ಮಾಡಿದೋರೇ ಮಾಡೋದು ಬೇಡ. ಕೈಲಿ ಕಾಗದ ಎಣಿಸಿ ಪಿಡಿಎಫ್ ಪುಟದ ಜೊತೆ ತಾಳೆ ನೋಡೋದು, ಖಾಲಿ ಹಿಂಬದಿನೂ ಲೆಕ್ಕಕ್ಕೆ ಹಿಡೀರಿ, ಮೊದಲ ಪುಟ ಕೊನೇ ಪುಟ ತೆಗೆದು ಓದೋಕೆ ಆಗತ್ತಾ ನೋಡೋದು, ಆಮೇಲೆ ಪೆಟ್ಟಿಗೆಗೆ ಹಸಿರು ಚೀಟಿ.

ಬ್ಯಾಕಪ್ ಎರಡು ಹಾರ್ಡ್ ಡಿಸ್ಕ್, ಎರಡಕ್ಕೂ ಪಾಸ್‌ವರ್ಡ್, ಒಂದು ಡಾಕ್ಟ್ರ ಮನೇಲಿ, ಶನಿವಾರ ಶನಿವಾರ ಅದಲು ಬದಲು. ಹಾಗೇ ತಿಂಗಳಿಗೊಮ್ಮೆ ಡಿಸ್ಕಿಂದ ಐದಾರು ಫೈಲ್ ತೆರೆದು ನೋಡ್ಬೇಕು, ತೆರೆಯದೇ ಇರೋ ಬ್ಯಾಕಪ್ಪನ್ನ ನಾನು ನಂಬಲ್ಲ. ಯಾರೂ ಸ್ವಂತ ಮೊಬೈಲಲ್ಲಿ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸ್ಬೇಡಿ, ಅರ್ಜೆಂಟ್ ಇದ್ರೂ.

ಕಾಗದ ರದ್ದಿಗೆ ಹಾಕೋ ಮಾತು ಈಗ ಬೇಡ. ಅಡ್ಮಿಟ್ ಆದವರ ರೆಕಾರ್ಡ್ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಕೋಬೇಕು, ಪೇಷೆಂಟ್ ಕೇಳಿದ್ರೆ 72 ಗಂಟೆಯೊಳಗೆ ಕೊಡ್ಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲೇ ಇದೆ. ಪೊಲೀಸ್ ಕೇಸಿನವು ಬೇರೆ ಕಪಾಟು, ಬೀಗ ಹಾಕಿ, ಸ್ಕ್ಯಾನ್ ಆದ್ರೂ ಮೂಲ ಕಾಗದ ಹಾಗೇ ಇರ್ಲಿ. ಮುಂದೆ ಯಾವಾಗಾದ್ರೂ ತೆಗೆಯೋದಾದ್ರೂ ಚೂರು ಮಾಡೇ ತೆಗೆಯೋದು, ನಮ್ಮ ಪೇಷೆಂಟಿನ ಶೀಟು ಮಂಡಕ್ಕಿ ಪೊಟ್ಟಣ ಆಗಬಾರ್ದು.

ಶುರು ಬಿಪಿ, ಶುಗರ್ ಪೇಷೆಂಟ್‌ಗಳಿಂದ, ಅವರು ತಿಂಗಳು ತಿಂಗಳು ಬರ್ತಾರೆ, ಉಪಯೋಗ ಬೇಗ ಗೊತ್ತಾಗತ್ತೆ. ಮೊದಲ ವಾರ ಒಂದೇ ಪೆಟ್ಟಿಗೆ ಮಾಡಿ, ಮಧ್ಯಾಹ್ನ ಓಪಿ ಮುಗಿದ ಮೇಲೆ ಎರಡು ಗಂಟೆ. ಆ ಪೆಟ್ಟಿಗೆಯಿಂದ ಡಾಕ್ಟ್ರು ಯಾವ್ದಾದ್ರೂ ಹತ್ತು ಹೆಸರು ಹೇಳ್ತಾರೆ, ಹತ್ತೂ ಇಂಡೆಕ್ಸಿಂದ ಸಿಕ್ಕಿದ್ರೆ ಮಾತ್ರ ಎರಡನೇ ಪೆಟ್ಟಿಗೆ ತೆಗೆಯೋದು.