ಡೈರಿಯ ಪುಟದಿಂದ ಕವಿತೆಗೆ: ಮೊದಲ ಸಲ ಬರೆಯುವವರಿಗೆ

ನಮ್ಮ ಭಾನುವಾರದ ಕವಿತೆ ಕೂಟಕ್ಕೆ ಹೊಸದಾಗಿ ಬರುವವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ. "ನಾನು ಏನೂ ಬರೆದಿಲ್ಲ, ಸುಮ್ನೆ ಡೈರಿ ಬರೀತೀನಿ ಅಷ್ಟೆ." ಆ 'ಅಷ್ಟೆ' ಕೇಳಿದಾಗ ನನಗೆ ಬೇಜಾರಾಗುತ್ತದೆ. ವರ್ಷಗಟ್ಟಲೆ ರಾತ್ರಿ ಕೂತು, ಯಾರ ಒತ್ತಾಯವೂ ಇಲ್ಲದೆ ಬರೆದವರ ಕೈ ಆಗಲೇ ಪಳಗಿರುತ್ತದೆ. ನಾನೂ 16 ವರ್ಷ ಡೈರಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಅಲ್ಲಿಂದ ಕವಿತೆಗೆ ಬರುವಾಗ ನನಗೆ ಏನು ಉಪಯೋಗಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕೂಟಕ್ಕೆ ಬರುವ ಮೊದಲು ಒಮ್ಮೆ ಓದಿಕೊಳ್ಳಿ.

ಡೈರಿಯನ್ನು ಓದುವವರು ನೀವೊಬ್ಬರೇ. "ಇವತ್ತೂ ಅದೇ ಜಗಳ" ಅಂತ ಬರೆದರೆ ಸಾಕು, ಯಾವ ಜಗಳ ಅಂತ ನಿಮಗೆ ಗೊತ್ತು. ಕವಿತೆ ಓದುವವರು ನಿಮ್ಮ ಮನೆಯ ಹೊಸಿಲು ದಾಟಿಲ್ಲ. ನಿಮ್ಮ ಅಮ್ಮ ಹೇಗೆ ನಗುತ್ತಿದ್ದರು ಅಂತ ಅವರಿಗೆ ಗೊತ್ತಿಲ್ಲ. "ತುಂಬಾ ದುಃಖವಾಯಿತು" ಅಂದರೆ ಅವರು ನಂಬುತ್ತಾರೆ, ಆದರೆ ಅವರಿಗೆ ದುಃಖವಾಗುವುದಿಲ್ಲ. ಅವರ ಕೈಗೆ ಏನಾದರೂ ಕೊಡಬೇಕು. ಮುಟ್ಟಿ ನೋಡುವಂಥದ್ದು, ಎಣಿಸುವಂಥದ್ದು, ವಾಸನೆ ಇರುವಂಥದ್ದು. ಡೈರಿಯಿಂದ ಬಂದವರು ಕಲಿಯಬೇಕಾದ್ದು ಮುಖ್ಯವಾಗಿ ಇದೇ. ಆ ವಸ್ತು ನಿಮ್ಮ ಡೈರಿಯಲ್ಲೇ ಎಲ್ಲೋ ಬಿದ್ದಿರುತ್ತದೆ.

ಒಂದು ಪುಟವನ್ನು ಬಿಚ್ಚಿ ನೋಡೋಣ

ಇದು ನನ್ನ ಡೈರಿಯ ಒಂದು ಪುಟ. ಡಿಸೆಂಬರ್ 3ರದ್ದು. ಅಮ್ಮ ತೀರಿಕೊಂಡು ಎರಡು ವಾರವಾಗಿತ್ತು.

"ಇವತ್ತು ಅಮ್ಮನ ಮನೆ ಖಾಲಿ ಮಾಡಿದೆವು. ಅಣ್ಣ ಪಾತ್ರೆಗಳನ್ನು ಮೂಟೆ ಕಟ್ಟಿದ. ಮನಸ್ಸು ತುಂಬಾ ಭಾರವಾಗಿದೆ. ಅಮ್ಮ ಇಲ್ಲ ಅಂತ ಈಗಲೂ ನಂಬೋಕೆ ಆಗ್ತಿಲ್ಲ. ಅಡುಗೆಮನೆ ಕ್ಯಾಲೆಂಡರ್ ಇನ್ನೂ ನವೆಂಬರ್‌ನಲ್ಲೇ ಇತ್ತು. ಹಾಲಿನ ಲೆಕ್ಕ 17ರವರೆಗೆ ಬರೆದಿದ್ದಳು. ಹಾಲಿನವರಿಗೆ ಬಾಕಿ ಕೊಟ್ಟೆ, ಎಣಿಸದೆ ಜೇಬಿಗೆ ಹಾಕಿಕೊಂಡರು. ಜೀವನ ಅಂದರೆ ಇಷ್ಟೇನಾ? ಬಸ್ಸಿನಲ್ಲಿ ಬರುವಾಗ ಪೂರ್ತಿ ಅತ್ತೆ."

ಇದನ್ನು ಕವಿತೆ ಮಾಡಬೇಕು ಅಂತ ಮೊದಲ ಸಲ ಕೂತಾಗ ನಾನು ಮಾಡಿದ್ದು ಇದು:

ಇಂದು ನಿನ್ನ ಮನೆಯ
ಖಾಲಿ ಮಾಡಿದೆವು ಓ ತಾಯೇ,
ಎನ್ನ ಮನವು ಭಾರ,
ಬದುಕು ಎಂದರೆ ಇಷ್ಟೇನಾ?

ನೋಡಿ, ಡೈರಿಯನ್ನೇ ತುಂಡು ಮಾಡಿ ಒಂದರ ಕೆಳಗೆ ಒಂದು ಇಟ್ಟಿದ್ದೇನೆ. ಜೊತೆಗೆ 'ಅಮ್ಮ' ಹೋಗಿ 'ಓ ತಾಯೇ' ಬಂದಿದೆ. 'ನನ್ನ ಮನಸ್ಸು' ಹೋಗಿ 'ಎನ್ನ ಮನವು' ಬಂದಿದೆ. ನಾನು ಜೀವನದಲ್ಲಿ ಒಂದು ದಿನವೂ ಅಮ್ಮನನ್ನು 'ಓ ತಾಯೇ' ಅಂತ ಕರೆದವಳಲ್ಲ. ಕವಿತೆ ಅಂದ ಕೂಡಲೇ ಬೇರೆ ಯಾರದ್ದೋ ಸೀರೆ ಉಟ್ಟ ಹಾಗೆ ಭಾಷೆ ಬದಲಾಗಿಬಿಡುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ. ಮನೆಯಲ್ಲಿ ನೀವು ಅವ್ವ ಅಂತೀರಾ? ಅವ್ವ ಅಂತಲೇ ಬರೆಯಿರಿ. ನಿಮ್ಮ ಡೈರಿಯ ಭಾಷೆ ಸುಳ್ಳು ಹೇಳುವುದಿಲ್ಲ. ಅದನ್ನು ಕಳೆದುಕೊಳ್ಳಬೇಡಿ.

ಆ ನಾಲ್ಕು ಸಾಲನ್ನು ಬಿಟ್ಟು ಮತ್ತೆ ಡೈರಿಯ ಪುಟಕ್ಕೆ ಹೋದೆ. ಈ ಸಲ ಪೆನ್ಸಿಲ್ ಹಿಡಿದು, ಕಣ್ಣಿಗೆ ಕಾಣುವ ವಸ್ತುಗಳಿಗೆ ಮಾತ್ರ ಅಡಿಗೆರೆ ಹಾಕಿದೆ. ಪಾತ್ರೆ, ಮೂಟೆ, ಕ್ಯಾಲೆಂಡರ್, 17, ದುಡ್ಡು, ಜೇಬು, ಬಸ್ಸು. ಮನಸ್ಸು, ಭಾರ, ಜೀವನ ಇವಕ್ಕೆ ಗೆರೆ ಬೀಳಲಿಲ್ಲ. ಯಾವುದರ ಮೇಲೆ ಕಣ್ಣು ನಿಂತಿತು ಅಂತ ಕೇಳಿಕೊಂಡೆ. ಕ್ಯಾಲೆಂಡರ್ ಮೇಲೆ. ಆ ದಿನ ಅತ್ತದ್ದಕ್ಕೆ ಇಡೀ ಒಂದು ವಾಕ್ಯ ಕೊಟ್ಟಿದ್ದೆ, ಹಾಲಿನ ಲೆಕ್ಕಕ್ಕೂ ಅಷ್ಟೇ. ಆದರೆ ಆ ಪುಟದ ಜೀವ ಇದ್ದದ್ದು ಲೆಕ್ಕದಲ್ಲಿ.

ಆಮೇಲೆ ಕ್ಯಾಲೆಂಡರನ್ನೇ ತೆಗೆದು ನೋಡಿದೆ. ಅದನ್ನು ಎಸೆದಿರಲಿಲ್ಲ, ಪುಣ್ಯ. ದಿನಾ ಅರ್ಧ ಲೀಟರ್. 9ನೇ ತಾರೀಖು ಮಾತ್ರ ಒಂದು. ಯಾಕೆ ಒಂದು ಅಂತ ಯೋಚಿಸಿದಾಗ ನೆನಪಾಯಿತು. ಅವತ್ತು ನಾನು ಊರಿಗೆ ಹೋಗಿದ್ದೆ.

ಹಾಲಿನ ಲೆಕ್ಕ

ಅಡುಗೆಮನೆ ಕ್ಯಾಲೆಂಡರಿನ ತುಂಬ
ಅಮ್ಮನ ಪೆನ್ಸಿಲಿನ
ಅರ್ಧ, ಅರ್ಧ, ಅರ್ಧ.
ಒಂಬತ್ತರ ಮನೆಯಲ್ಲಿ ಮಾತ್ರ ಒಂದು.
ಅವತ್ತು ನಾನು ಬಂದಿದ್ದೆ.

ಹದಿನೇಳರಾಚೆ
ಮನೆಗಳೆಲ್ಲ ಖಾಲಿ.

ಕೂಡಿಸಿದೆ. ಒಂಬತ್ತು ಲೀಟರ್.
ಗೇಟಿನ ಹತ್ತಿರ ನಿಂತ ಹಾಲಿನವ
ದುಡ್ಡು ಎಣಿಸಲಿಲ್ಲ.

ದೊಡ್ಡ ಕವಿತೆ ಅಂತ ಇದನ್ನು ತೋರಿಸುತ್ತಿಲ್ಲ. ಡೈರಿಯಿಂದ ಏನು ಹೋಯಿತು, ಏನು ಉಳಿಯಿತು ಅಂತ ನೋಡಿ. ಅಣ್ಣ ಹೋದ, ಬಸ್ಸು ಹೋಯಿತು, ಅಳು ಹೋಯಿತು. ಅಮ್ಮ ತೀರಿಕೊಂಡಳು ಅನ್ನುವ ಮಾತೇ ಇಲ್ಲ, ಆದರೂ ಓದಿದವರಿಗೆ ಗೊತ್ತಾಗುತ್ತದೆ. ಅದು ಅವರಿಗೆ ತಾವಾಗಿಯೇ ಗೊತ್ತಾಗುವ ಆ ಕ್ಷಣವನ್ನು ನಾವು ಮೊದಲೇ ಹೇಳಿ ಕಿತ್ತುಕೊಳ್ಳಬಾರದು.

ಇನ್ನೊಂದು ಸಂಗತಿ. ಕ್ಯಾಲೆಂಡರಿನ ಚೌಕಕ್ಕೆ ನಾವು 'ಮನೆ' ಅಂತೀವಿ, ಚೌಕಾಬಾರದ ಮನೆ ಅನ್ನುವ ಹಾಗೆ. ಖಾಲಿಯಾದದ್ದು ಆ ಮನೆಯೂ ಹೌದು, ಅಮ್ಮನ ಮನೆಯೂ ಹೌದು. ಇದನ್ನು ನಾನು ಹುಡುಕಿ ಇಟ್ಟದ್ದಲ್ಲ. ವಸ್ತುವನ್ನು ಅದರ ನಿತ್ಯದ ಹೆಸರಿನಿಂದ ಕರೆದಾಗ ಕನ್ನಡವೇ ಇಂಥದ್ದನ್ನು ಕೊಡುತ್ತದೆ. 'ಚೌಕ' ಅಂತ ಬರೆದಿದ್ದರೆ ಕೈ ತಪ್ಪಿಹೋಗುತ್ತಿತ್ತು.

ಕಿವಿ

ಡೈರಿಯನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಹಾಗಾಗಿ ಡೈರಿ ಬರೆಯುವವರ ಕಣ್ಣು ಚುರುಕಾಗಿರುತ್ತದೆ, ಕಿವಿ ಇನ್ನೂ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸಲು ಸ್ವಲ್ಪ ಮಾತ್ರೆ ಲೆಕ್ಕ ಕಲಿಯಿರಿ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ವಾ? ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರವೂ, ಸೊನ್ನೆ ಇರುವ ಅಕ್ಷರವೂ ಗುರು. ಸದ್ಯಕ್ಕೆ ಇಷ್ಟು ಸಾಕು.

ಈಗ 'ಅರ್ಧ' ಎಣಿಸಿ. ಅ ಎರಡು, ರ್ಧ ಒಂದು. ಮೂರು. 'ಒಂದು' ಕೂಡ ಮೂರು. 'ಖಾಲಿ' ಕೂಡ ಮೂರು. "ಅರ್ಧ, ಅರ್ಧ, ಅರ್ಧ" ಅನ್ನುವಾಗ ಮೂರು ಮೂರು ಮಾತ್ರೆಯ ಹೆಜ್ಜೆ ಬೀಳುತ್ತದೆ. ಉತ್ಸಾಹ ರಗಳೆ ನಡೆಯುವುದು ಇದೇ ಹೆಜ್ಜೆಯಲ್ಲಿ. ಮೂರು ಮತ್ತು ನಾಲ್ಕು ಮಾತ್ರೆ ಒಂದರ ಹಿಂದೆ ಒಂದು ಬಂದರೆ ಭಾಮಿನಿ ಷಟ್ಪದಿಯ ನಡಿಗೆ. ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳ ಕಥೆಯನ್ನು ಆ ನಡಿಗೆಯಲ್ಲೇ ಹೇಳಿದ. ನೀವು ಷಟ್ಪದಿ ಬರೆಯಬೇಕಾಗಿಲ್ಲ. ಹೆಜ್ಜೆ ಎಲ್ಲಿ ಸರಿ ಬಿತ್ತು, ಎಲ್ಲಿ ಎಡವಿತು ಅಂತ ಕಿವಿಗೆ ಗೊತ್ತಾದರೆ ಸಾಕು. ತೊಡೆಯ ಮೇಲೆ ಬೆರಳು ಬಡಿಯುತ್ತಾ ಓದಿ.

ಬೀಸುವ ಕಲ್ಲಿನ ಪದ ಹಾಡಿದ ಹೆಂಗಸರಿಗೆ ಯಾರೂ ಪ್ರಸ್ತಾರ ಕಲಿಸಲಿಲ್ಲ. ಕಲ್ಲು ತಿರುಗುವ ಲಯವೇ ಅವರ ತ್ರಿಪದಿಗೆ ಲಯವಾಯಿತು. ತವರಿನ ನೆನಪು, ಅತ್ತೆ ಮನೆಯ ಕಷ್ಟ, ದಾರಿ ಕಾಯುವ ಅಣ್ಣ, ಎಲ್ಲವೂ ಆ ಮೂರು ಸಾಲಿನಲ್ಲಿ ಹಿಡಿಸಿತು. ಈಗ ಬರೆಯುತ್ತಿದ್ದರೆ ಅವರು ಅದನ್ನೆಲ್ಲ ಡೈರಿಯಲ್ಲಿ ಬರೆಯುತ್ತಿದ್ದರೇನೋ. ನಾನು ಬರೆಯಲು ಕೂತಾಗ ಜಾಸ್ತಿ ನೆನಪಾಗುವುದು ಅವರೇ.

ಪ್ರಾಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಲಿನ ಕೊನೆಗೆ ಒಂದೇ ಸದ್ದು ಬರಲೇಬೇಕು ಅಂತ ಏನೂ ಇಲ್ಲ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಇರುತ್ತಿದ್ದದ್ದು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ. ಹಾಲು, ಖಾಲಿ, ಬೇಲಿ ಇವು ಹಾಗೆ ಕೂಡುತ್ತವೆ. 1950ರ ದಶಕದ ನವ್ಯ ಕವಿಗಳು ಛಂದಸ್ಸಿನ ಕಟ್ಟನ್ನು ಸಡಿಲಿಸಿದರು, ಆದರೆ ಲಯ ಬಿಡಲಿಲ್ಲ. ಪ್ರಾಸಕ್ಕೋಸ್ಕರ ನೀವು ಅಂದುಕೊಂಡಿದ್ದೇ ಬೇರೆಯಾಗಿಬಿಟ್ಟರೆ ಪ್ರಾಸ ಬಿಡಿ.

ಸಾಲು ಎಲ್ಲಿ ಮುರಿಯಬೇಕು

ಉಸಿರು ನಿಲ್ಲುವಲ್ಲಿ, ಇಲ್ಲವೇ ಓದುವವರು ಒಂದು ಗಳಿಗೆ ಕಾಯಲಿ ಅನ್ನಿಸುವಲ್ಲಿ. "ಹದಿನೇಳರಾಚೆ" ಆದ ಮೇಲೆ ನಾನು ಸಾಲು ಮುರಿದೆ. ಆಚೆ ಏನಿದೆ ಅಂತ ಓದುವವರು ಕೆಳಗೆ ಇಳಿಯಬೇಕು, ಇಳಿದರೆ ಅಲ್ಲಿ ಏನೂ ಇರಬಾರದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಓದಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಯಾರಿಗೆ ಹೇಳುತ್ತಿದ್ದೀರಿ?

ಬರೆಯುವಾಗ ಎದುರಿಗೆ ಯಾರಾದರೂ ಇದ್ದರೆ ಡೈರಿಯ ದನಿ ತಾನಾಗಿ ಬದಲಾಗುತ್ತದೆ. 12ನೇ ಶತಮಾನದ ವಚನಕಾರರು ಛಂದಸ್ಸನ್ನು ಬಿಟ್ಟು ಮಾತಿನ ಲಯದಲ್ಲೇ ಬರೆದರು. ಆದರೆ ಪ್ರತಿ ವಚನದಲ್ಲೂ ಒಂದು ಅಂಕಿತ ಇತ್ತು. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಎಷ್ಟೇ ಒಳಗಿನ ಮಾತಾದರೂ ಕೇಳಲು ಒಬ್ಬರಿದ್ದರು. ನೀವೂ ಮಾಡಿ ನೋಡಿ. ನಿಮ್ಮ ಒಂದು ಪುಟವನ್ನು ತೆಗೆದುಕೊಂಡು, ಅದರಲ್ಲಿರುವ 'ಅವನು', 'ಅವಳು'ಗಳನ್ನು 'ನೀನು' ಮಾಡಿ. ಕೆಲವು ವಾಕ್ಯಗಳು ಬಾಯಿಂದ ಹೊರಡುವುದೇ ಇಲ್ಲ. ಅಂಥ ವಾಕ್ಯದ ಹತ್ತಿರವೇ ಹೆಚ್ಚು ಹೊತ್ತು ಕೂರಿ.

ಈ ಕೆಲವು ಪದಗಳನ್ನು ಮೊದಲ ಹತ್ತು ಕವಿತೆಗಳಲ್ಲಿ ಬಳಸದೆ ಬರೆಯಿರಿ: ಮೌನ, ಕನಸು, ಹೃದಯ, ಕಣ್ಣೀರು, ಬದುಕು, ನೆನಪು. ಇವು ಕೆಟ್ಟ ಪದಗಳೇನಲ್ಲ. ಆದರೆ ಇವು ಕೈಗೆ ಸಿಕ್ಕಿದರೆ ನಾವು ಬೇರೇನನ್ನೂ ಹುಡುಕುವುದಿಲ್ಲ.

ಡೈರಿ ಬರೆಯುವುದನ್ನು ನಿಲ್ಲಿಸಬೇಡಿ. ಕವಿತೆಗೆ ಅಂತ ಬೇರೆ ನೋಟ್‌ಬುಕ್ ಇಡಿ. ಇವತ್ತಿನ ಪುಟದಿಂದ ಇವತ್ತೇ ಕವಿತೆ ಬರೆಯಲು ಹೋಗಬೇಡಿ, ಅದು ಒಲೆಯಿಂದ ಇಳಿಸಿದ ಕೂಡಲೇ ಪಾತ್ರೆಗೆ ಕೈ ಹಾಕಿದ ಹಾಗೆ. ನನ್ನ ಹಾಲಿನ ಲೆಕ್ಕ ಕವಿತೆಯಾದದ್ದು ಅಮ್ಮ ಹೋಗಿ 4 ವರ್ಷದ ಮೇಲೆ. ಇನ್ನೊಂದು ಎಚ್ಚರಿಕೆ ಬೇಕು. ಡೈರಿಯಲ್ಲಿ ಬೇರೆಯವರ ಗುಟ್ಟೂ ಇರುತ್ತದೆ. ಕವಿತೆಯನ್ನು ನಾಲ್ಕು ಜನರ ಮುಂದೆ ಓದುವ ಮೊದಲು, ಅದರಲ್ಲಿರುವವರು ಇದನ್ನು ಕೇಳಿದರೆ ನೋಯುತ್ತಾರಾ ಅಂತ ಯೋಚಿಸಿ. ನನ್ನ ಎರಡು ಕವಿತೆ ಇವತ್ತಿಗೂ ಬೀರುವಿನಲ್ಲೇ ಇವೆ. ಅವು ಅಲ್ಲೇ ಇರಲಿ.

ಈ ಭಾನುವಾರ ಬರುವಾಗ ಒಂದು ವರ್ಷಕ್ಕಿಂತ ಹಳೆಯದಾದ ಡೈರಿಯ ಒಂದೇ ಒಂದು ಪುಟವನ್ನು ಬೇರೆ ಹಾಳೆಗೆ ಇಳಿಸಿಕೊಂಡು ತನ್ನಿ. ಡೈರಿಯನ್ನೇ ತರಬೇಡಿ, ಅದು ನಿಮ್ಮದು. ಜೊತೆಗೆ ಒಂದು ಪೆನ್ಸಿಲ್ ಇರಲಿ. ಕೂತ ತಕ್ಷಣ ಎಲ್ಲರೂ ಅಡಿಗೆರೆ ಹಾಕುವ ಕೆಲಸದಿಂದಲೇ ಶುರು ಮಾಡೋಣ.