ರಾಜೀನಾಮೆ ಮತ್ತು ಅಂಗಡಿಯ ಕೆಲಸ ಒಪ್ಪಿಸುವ ವಿಚಾರ

ಸಿಂಧನೂರು
5 ಜನವರಿ 2026

ಅಕ್ಕಾವರಿಗೆ ನಮಸ್ಕಾರಗಳು.

ಮಾರ್ಚ್ 31ಕ್ಕೆ ನಾನು ಅಂಗಡಿಯ ಕೆಲಸ ಬಿಡುತ್ತಿದ್ದೇನೆ. ಈ ಮಾತನ್ನು ನಿಮ್ಮ ಎದುರಿಗೇ ಹೇಳಬೇಕಿತ್ತು. ಆದರೆ ಗಲ್ಲೆಯ ಸುತ್ತ ಹಗಲೆಲ್ಲ ರೈತರು, ಹಮಾಲರು ಇರುತ್ತಾರೆ. ಒಬ್ಬರ ಕಿವಿಗೆ ಬಿದ್ದರೆ ಸಂಜೆಯೊಳಗೆ ಕ್ಯಾಂಪುಗಳಿಗೆಲ್ಲ ಸುದ್ದಿ ಹೋಗುತ್ತದೆ. ನೀವು ತಿಳಿಯುವ ಮೊದಲು ಬೇರೆ ಯಾರೂ ತಿಳಿಯಬಾರದು ಎಂದು ಬರೆದು ಕಳುಹಿಸುತ್ತಿದ್ದೇನೆ. ಓದಿದ ಮೇಲೆ ಮನೆಯಲ್ಲಿ ಕುಳಿತು ಮಾತನಾಡೋಣ.

ಕುಷ್ಟಗಿ ತಾಲ್ಲೂಕಿನಲ್ಲಿ, ನಮ್ಮೂರಿನ ಪಕ್ಕದಲ್ಲೇ, ರೈತರು ಸೇರಿ ಕಟ್ಟಿಕೊಂಡಿರುವ ಉತ್ಪಾದಕರ ಕಂಪನಿಯಲ್ಲಿ ವ್ಯವಸ್ಥಾಪಕನ ಕೆಲಸಕ್ಕೆ ಕರೆದಿದ್ದಾರೆ. ಅಪ್ಪನಿಗೆ ಈಗ ಹೊಲದ ಕೆಲಸ ಆಗುತ್ತಿಲ್ಲ, ಅವ್ವ ಒಬ್ಬಳೇ ಎರಡೂ ಕಡೆ ಓಡಾಡುತ್ತಾಳೆ. ಊರಲ್ಲಿದ್ದುಕೊಂಡು ಮಾಡುವ ಕೆಲಸ ಮತ್ತೆ ಸಿಗುವುದಿಲ್ಲ ಅನ್ನಿಸಿತು, ಒಪ್ಪಿಕೊಂಡೆ. ಸಂಬಳದ ಮಾತಾಗಲಿ ಮನಸ್ತಾಪವಾಗಲಿ ಇದರಲ್ಲಿಲ್ಲ. ಅಣ್ಣಾವರು ಹೋದ ಮೇಲೆ ನೀವು ಆ ಅಂಗಡಿಯ ಬಾಗಿಲು ಒಂದು ದಿನವೂ ಮುಚ್ಚದಂತೆ ನೋಡಿಕೊಂಡದ್ದನ್ನು ಹತ್ತಿರದಿಂದ ಕಂಡವನು ನಾನು. ನಿಮ್ಮ ಬಳಿ ಕೆಲಸ ಮಾಡಿದ್ದೆ ಎಂದು ಎಲ್ಲಿ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ.

ಮಾರ್ಚ್ ಕೊನೆ ಎಂದು ಹೇಳಲು ಕಾರಣವಿದೆ. ತುಂಗಭದ್ರಾ ಅಣೆಕಟ್ಟಿನ ಗೇಟುಗಳನ್ನು ಬದಲಿಸುವ ಕೆಲಸದಿಂದ ಈ ಸಲ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ. ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಗೊಬ್ಬರದ ಲಾರಿಗಳ ಹಿಂದೆ ಓಡುತ್ತಿದ್ದೆವು, ಏನನ್ನೂ ಕಲಿಸಲು ಬಿಡುವಿರುತ್ತಿರಲಿಲ್ಲ. ಅಂಗಡಿಗೆ ಇದು ಕಷ್ಟದ ವರ್ಷವೇ ಹೌದು. ಆದರೆ ಕೆಲಸ ಒಪ್ಪಿಸಲು ಇಷ್ಟು ಬಿಡುವಿನ ದಿನಗಳು ಮುಂದೆ ಸಿಗಲಾರವು. ಆರ್ಥಿಕ ವರ್ಷದ ಲೆಕ್ಕ ಮುಗಿಸಿ, ಗೋದಾಮಿನ ಪ್ರತಿ ಚೀಲವನ್ನೂ ನಿಮ್ಮ ಮುಂದೆ ಎಣಿಸಿ ಹೋಗುತ್ತೇನೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಎಣ್ಣೆಯ ಪರವಾನಗಿಯ ಕೆಲಸ. ಕೀಟನಾಶಕ ಮಾರಲು ಮಾಲೀಕರಿಗೆ ಕೃಷಿ ಪದವಿ ಅಥವಾ ಡಿಪ್ಲೊಮಾ ಇರಬೇಕು, ಇಲ್ಲವೇ ಅಂಥ ಓದು ಇರುವವರನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು. ನಮ್ಮ ಕಡತದಲ್ಲಿರುವುದು ನನ್ನ ಪದವಿಯ ಪ್ರಮಾಣಪತ್ರ. ನಾನು ಹೋದ ದಿನವೇ ಆ ಜಾಗ ಖಾಲಿಯಾಗುತ್ತದೆ. ಬದಲಿ ಹೆಸರು ಸೇರಿಸದೆ ಔಷಧದ ಕಪಾಟು ತೆರೆದರೆ ತಪಾಸಣೆಗೆ ಬಂದವರು ಮಾರಾಟ ನಿಲ್ಲಿಸುತ್ತಾರೆ. ಅದಕ್ಕೆ ಫೆಬ್ರುವರಿಯಲ್ಲೇ ಕೃಷಿ ಇಲಾಖೆಗೆ ಅರ್ಜಿ ಕೊಡೋಣ. ಕಾಗದಗಳನ್ನು ನಾನು ಸಿದ್ಧಮಾಡುತ್ತೇನೆ, ಕಚೇರಿಗೆ ನಿಮ್ಮ ಜೊತೆ ನಾನೇ ಬರುತ್ತೇನೆ.

ಯಾರ ಹೆಸರು ಎಂದು ಕೇಳುತ್ತೀರಿ. ಮಸ್ಕಿ ತಾಲ್ಲೂಕಿನ ಒಬ್ಬಳು ಹುಡುಗಿ ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಾಳೆ, ಅವಳ ಅಣ್ಣ ನನಗೆ ಪರಿಚಯ. ಕೆಲಸ ಹುಡುಕುತ್ತಿದ್ದಾಳೆಂದು ಮಾತ್ರ ತಿಳಿದುಕೊಂಡಿದ್ದೇನೆ, ಏನನ್ನೂ ಮಾತು ಕೊಟ್ಟಿಲ್ಲ. ನೀವು ಕರೆಸಿ ಮಾತನಾಡಿ, ಒಪ್ಪಿಗೆಯಾದರೆ ಫೆಬ್ರುವರಿ 1ರಿಂದ ಬರಲಿ. ಎರಡು ತಿಂಗಳು ನನ್ನ ಜೊತೆಗಿದ್ದರೆ ಸಾಕು. ಒಪ್ಪಿಗೆಯಾಗದಿದ್ದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರುಗಳನ್ನು ಕೇಳಿ ಬೇರೆಯವರನ್ನು ಹುಡುಕುತ್ತೇನೆ.

ಆದರೆ ಅಕ್ಕಾವರೇ, ನನ್ನ ನಿಜವಾದ ಅಭಿಪ್ರಾಯ ಬೇರೆ. ಪರವಾನಗಿ ಪ್ರತಿಸಲವೂ ಕೂಲಿಯವನ ಪ್ರಮಾಣಪತ್ರದ ಮೇಲೆ ನಿಲ್ಲಬಾರದು. ಇವತ್ತು ನಾನು ಹೋಗುತ್ತೇನೆ, ನಾಳೆ ಆ ಹುಡುಗಿಗೆ ಮದುವೆಯಾಗಬಹುದು, ಸರ್ಕಾರಿ ನೌಕರಿ ಸಿಗಬಹುದು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿರುವ ‘ದೇಸಿ’ ಡಿಪ್ಲೊಮಾ ಇರುವುದೇ ನಮ್ಮಂಥ ಅಂಗಡಿಯವರಿಗಾಗಿ. 48 ವಾರ, ವಾರಕ್ಕೆ ಒಂದು ದಿನ ತರಗತಿ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ನೀವು ಪಿಯುಸಿ ಓದಿದವರು. ಈ ವಯಸ್ಸಿನಲ್ಲಿ ಏನು ಓದು ಎಂದು ತಳ್ಳಿಹಾಕಬೇಡಿ. ಯಾವ ಹುಳಕ್ಕೆ ಯಾವ ಎಣ್ಣೆ ಎಂದು ನೀವು ಗಲ್ಲೆಯಲ್ಲಿ ಕುಳಿತು ಕೇಳಿಕೇಳಿಯೇ ಅರ್ಧ ಕಲಿತಿದ್ದೀರಿ, ಉಳಿದ ಅರ್ಧಕ್ಕೆ ಹೆದರಬೇಕಿಲ್ಲ. ಮುಂದಿನ ತಂಡಕ್ಕೆ ನಿಮ್ಮ ಅರ್ಜಿ ತುಂಬಿಕೊಡುವುದು ನನ್ನ ಕೆಲಸ.

ಇನ್ನು ಉದ್ದರಿ. ಕಂಪ್ಯೂಟರಿನಲ್ಲಿ ಬಾಕಿಯ ಮೊತ್ತ ಇದೆ, ಆದರೆ ಆ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಅದರಲ್ಲಿಲ್ಲ. ಖಾತೆ ಅಪ್ಪನ ಹೆಸರಿನಲ್ಲಿರುತ್ತದೆ, ಕೊಡುವವನು ಮಗ. ಕೆಲವರ ಹಣ ದಲಾಲಿ ಅಂಗಡಿಯಿಂದ ನೇರವಾಗಿ ನಮಗೆ ಬರುತ್ತದೆ. ಕೆಲವರು ಭತ್ತ ಮಾರಿದ ವಾರದಲ್ಲೇ ಕೇಳದಿದ್ದರೆ ಮತ್ತೆ ಹತ್ತಿಯವರೆಗೆ ಕಾಯಬೇಕು. ಇದೆಲ್ಲ ನನ್ನ ತಲೆಯಲ್ಲಿದೆ, ಅದನ್ನು ಕಾಗದಕ್ಕೆ ಇಳಿಸುವ ಕೆಲಸವನ್ನು ಈ ವಾರವೇ ಶುರುಮಾಡುತ್ತೇನೆ. ಊರುವಾರು ಒಂದು ದಪ್ಪ ಪುಸ್ತಕ, ಪ್ರತಿ ಖಾತೆಗೆ ಒಂದು ಪುಟ: ಹಣ ಕೊಡುವವರ ಮೊಬೈಲ್ ಸಂಖ್ಯೆ, ಎಷ್ಟು ಎಕರೆ, ಸ್ವಂತ ಹೊಲವೋ ಲಾವಣಿಯೋ, ಹಿಂದೆ ಯಾವ ತಿಂಗಳಲ್ಲಿ ಕೊಟ್ಟಿದ್ದಾರೆ. ಪುಸ್ತಕ ನಿಮ್ಮ ಕಪಾಟಿನಲ್ಲಿರಲಿ, ಅಂಗಡಿಯ ಮೇಜಿನ ಮೇಲೆ ಬೇಡ.

ಬರೆದರಷ್ಟೇ ಸಾಲದು. ನಿಮ್ಮ ತಮ್ಮನ ಮಗನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಎಲ್ಲ ಊರುಗಳಿಗೂ ಹೋಗಿ ಬರುತ್ತೇನೆ. ರೈತರ ಮುಂದೆಯೇ ಬಾಕಿ ಓದಿ, ಅವರ ಕೈಚೀಟಿಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡಿ, ಸಹಿ ತೆಗೆದುಕೊಳ್ಳುತ್ತೇವೆ. ನಾಳೆ ‘ಅವನಿಗೇ ಕೊಟ್ಟಿದ್ದೆ’ ಎಂಬ ಮಾತು ನಿಮ್ಮ ಬಾಗಿಲಿಗೆ ಬರಬಾರದು. ಹುಡುಗ ಮಾತು ಕಡಿಮೆ, ಅದು ವಸೂಲಿಗೆ ಒಳ್ಳೆಯದೇ. ನಮ್ಮ ರೈತರು ಜೋರು ಮಾಡುವವರಿಗಿಂತ ಸುಮ್ಮನೆ ಬಂದು ಕಟ್ಟೆಯ ಮೇಲೆ ಕೂರುವವರಿಗೆ ಬೇಗ ಕೊಡುತ್ತಾರೆ.

ಒಂದು ವಿನಂತಿ ಇದೆ. ಲಾವಣಿಗೆ ಹೊಲ ಮಾಡುವವರಿಗೆ ಈ ವರ್ಷ ಯುಗಾದಿಯ ಗಡುವು ಹಾಕಬೇಡಿ. ಎರಡನೇ ಬೆಳೆಯೇ ಇಲ್ಲದಿರುವಾಗ ಅವರ ಕೈಗೆ ಹಣ ಬರುವುದು ಮುಂದಿನ ಸುಗ್ಗಿಗೆ. ಸ್ವಂತ ಹೊಲವಿದ್ದು, ಒಳ್ಳೆಯ ಧಾರಣೆ ಬರಲಿ ಎಂದು ಭತ್ತ ಇಟ್ಟುಕೊಂಡು ಕೂತವರ ಬಳಿ ಈಗಲೇ ಕೇಳೋಣ. ಲಾವಣಿಯವರಿಗೆ ಕಂತು ಮಾಡಿಕೊಡೋಣ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ, ನಾಟಿ ಮಾಡಿದ ಗದ್ದೆಗಳ ಗತಿಯೇನು ಎಂದು ಎಲ್ಲರೂ ತಲೆಯ ಮೇಲೆ ಕೈಹೊತ್ತಾಗ ಯಾರಿಗೂ ಬಾಕಿಯ ಫೋನ್ ಮಾಡಬೇಡ ಎಂದಿರಿ. ಅದನ್ನು ಅವರು ಇವತ್ತಿಗೂ ನೆನೆಯುತ್ತಾರೆ. ನಮ್ಮ ಅಂಗಡಿಗೆ ಆ ಹೆಸರೇ ದೊಡ್ಡ ಬಂಡವಾಳ.

ಯೂರಿಯಾದ ವಿಷಯದಲ್ಲಿ ಪಿಒಎಸ್ ಯಂತ್ರದ ದಾಸ್ತಾನಿಗೂ ಗೋದಾಮಿನ ದಾಸ್ತಾನಿಗೂ ಒಂದು ಚೀಲದ ವ್ಯತ್ಯಾಸವೂ ಇರಬಾರದು. ರೈತರು ಹೆಬ್ಬೆಟ್ಟು ಒತ್ತಿದ ಮೇಲೆಯೇ ಚೀಲ ಹೊರಗೆ ಹೋಗಲಿ. ‘ಆಮೇಲೆ ಒತ್ತುತ್ತಾರೆ ಬಿಡಿ’ ಎನ್ನುವವರನ್ನು ನಂಬಬೇಡಿ. 45 ಕೆ.ಜಿ. ಚೀಲಕ್ಕೆ 266.50 ರೂಪಾಯಿ ಎಂದು ಫಲಕದಲ್ಲಿ ಬರೆದ ಮೇಲೆ ಯಾವ ಹೆಸರಿನಲ್ಲೂ ಹೆಚ್ಚು ಬೇಡ. ಯೂರಿಯಾ ಬೇಕಾದರೆ ಇದನ್ನೂ ಒಯ್ಯಿರಿ ಎಂದು ಬೇರೆ ಸರಕು ಕಟ್ಟಲು ಸಗಟು ವ್ಯಾಪಾರಿಗಳು ಒತ್ತಾಯ ಮಾಡಿಯೇ ಮಾಡುತ್ತಾರೆ. ಇಷ್ಟು ದಿನ ನಾವು ಬಗ್ಗಿಲ್ಲ, ಮುಂದೆಯೂ ಬಗ್ಗಬೇಡಿ. ಜೂನ್‌ನಲ್ಲಿ ಸಾಲು ನಿಂತಾಗ ಹೊಸಬರು ಹೆದರಿಬಿಡುತ್ತಾರೆ, ಆ ಹೊತ್ತಿಗೆ ನೀವು ಗಲ್ಲೆಯಲ್ಲಿರಬೇಕು.

ಹೊಸಬರಿಗೆ ನಾನು ಮುಖ್ಯವಾಗಿ ಕಲಿಸುವುದು ‘ಬೇಡ’ ಎನ್ನುವುದನ್ನು. ಭತ್ತಕ್ಕೆ ಕಂದು ಜಿಗಿಹುಳು ಬಿತ್ತೆಂದು ಓಡಿ ಬಂದವರು ಪಕ್ಕದ ಹೊಲದವನು ಹೊಡೆದ ಎಣ್ಣೆಯನ್ನೇ ಕೇಳುತ್ತಾರೆ. ಪೈರೆಥ್ರಾಯ್ಡ್ ಜಾತಿಯದು ಹೊಡೆದರೆ ಆ ಹುಳವನ್ನು ತಿನ್ನುವ ಜೇಡ, ಮಿತ್ರಕೀಟಗಳು ಸತ್ತು ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆ. ಮೊದಲು ಗದ್ದೆಯ ನೀರು ಬಸಿಯಲು ಹೇಳಬೇಕು. ಹೊಡೆಯುವುದೇ ಆದರೆ ಎಣ್ಣೆ ಪೈರಿನ ಬುಡಕ್ಕೆ ತಲುಪಬೇಕು. ಒಂದು ಬಾಟಲಿ ಮಾರಾಟ ಹೋದರೂ ಚಿಂತೆಯಿಲ್ಲ, ಆ ರೈತ ಮುಂದಿನ ವರ್ಷವೂ ನಮ್ಮ ಕಡೆಗೇ ಬರುತ್ತಾನೆ. ಬೀಜದ ಬಿಲ್ಲಿನಲ್ಲಿ ಲಾಟ್ ಸಂಖ್ಯೆ ಬರೆಯುವುದನ್ನು ಎಂಥ ಗದ್ದಲದಲ್ಲೂ ಬಿಡಬಾರದು. ಮೊಳಕೆ ಬರಲಿಲ್ಲ ಎಂಬ ದೂರು ಬಂದರೆ ರೈತರನ್ನೂ ನಮ್ಮನ್ನೂ ಕಾಯುವುದು ಅದೊಂದೇ.

ಜಿಎಸ್‌ಟಿಯ ಸಂಕೇತ ಸಂಖ್ಯೆಗಳು ಈಗ ನನ್ನ ಮೊಬೈಲಿಗೆ ಬರುತ್ತಿವೆ, ಬ್ಯಾಂಕಿನ ಸಂದೇಶಗಳೂ ಅಷ್ಟೇ. ಈ ತಿಂಗಳೇ ಅವನ್ನು ನಿಮ್ಮ ಸಂಖ್ಯೆಗೆ ಬದಲಿಸುತ್ತೇನೆ. 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ: ಈ ಎರಡು ತಾರೀಖುಗಳನ್ನು ನೀವು ನೆನಪಿಟ್ಟರೆ ಉಳಿದದ್ದನ್ನು ಲೆಕ್ಕ ಬರೆಯುವವರು ನೋಡಿಕೊಳ್ಳುತ್ತಾರೆ. ಅವಧಿ ಮುಗಿಯಲು ಬಂದಿರುವ ಔಷಧಗಳನ್ನು ಬೇರೆ ಮಾಡಿ ಫೆಬ್ರುವರಿಯೊಳಗೆ ಕಂಪನಿಗಳಿಗೆ ಮರಳಿಸುತ್ತೇನೆ. ಅವರಿಂದ ಬರಬೇಕಾದ ರಿಯಾಯಿತಿಗಳ ಪಟ್ಟಿಯನ್ನೂ ಬರೆದಿಡುತ್ತೇನೆ. ನಾನಿಲ್ಲವೆಂದು ಯಾರೂ ಅದನ್ನು ಮರೆತಂತೆ ನಟಿಸಬಾರದು.

ಹೋದ ಮೇಲೆ ಫೋನ್ ಎತ್ತುವುದಿಲ್ಲ ಎಂಬ ಭಯ ಬೇಡ. ಏಪ್ರಿಲ್, ಮೇ ತಿಂಗಳು ರಾತ್ರಿ ಎಂಟರ ಮೇಲೆ ಯಾವತ್ತಾದರೂ ಕರೆ ಮಾಡಿ. ಜೂನ್‌ನಲ್ಲಿ ಹತ್ತಿ ಬೀಜದ ಗದ್ದಲ ಶುರುವಾದಾಗ ಎರಡು ಭಾನುವಾರ ಬಂದು ಅಂಗಡಿಯಲ್ಲಿ ನಿಲ್ಲುತ್ತೇನೆ. ಅದಕ್ಕೆ ಕೂಲಿ ಕೊಡಲು ಬರಬೇಡಿ. ಹೊಸ ಕೆಲಸದಲ್ಲಿ ನಮ್ಮ ರೈತರ ಪಟ್ಟಿಯನ್ನು ಬಳಸುವುದಿಲ್ಲ, ಈ ಕಡೆಯ ಊರುಗಳಿಗೆ ವ್ಯಾಪಾರಕ್ಕೆ ಬರುವುದಿಲ್ಲ. ಅಲ್ಲಿಯವರಿಗೂ ಇದನ್ನು ಹೇಳಿಯೇ ಒಪ್ಪಿಕೊಂಡಿದ್ದೇನೆ.

ತಂಗಿಯ ಮದುವೆಗೆ ಮುಂಗಡವಾಗಿ ಪಡೆದ ಹಣದಲ್ಲಿ ಉಳಿದದ್ದನ್ನು ಈ ಮೂರು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳಿ. ಬೇಡ ಎನ್ನಬೇಡಿ, ಲೆಕ್ಕ ಸರಿಯಾಗಿದ್ದರೆ ನನಗೆ ಸಮಾಧಾನ.

ಹಮಾಲರಿಗೆ ಮತ್ತು ಹುಡುಗರಿಗೆ ನೀವೇ ಹೇಳುವುದು ಸರಿ, ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ. ಬರುವ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಮನೆಗೆ ಬರಲೇ? ಪರವಾನಗಿಯ ಕಡತವನ್ನೂ ಆ ಹುಡುಗಿಯ ಅಣ್ಣನ ಸಂಖ್ಯೆಯನ್ನೂ ತರುತ್ತೇನೆ. ನಿಮ್ಮ ತಮ್ಮನ ಮಗನಿಗೂ ಬರಲು ಹೇಳಿ.

ನಿಮ್ಮ ವಿಶ್ವಾಸಿ,
ಬಸವರಾಜ