ಕಾಲೇಜು ಬಸ್ಸಿನ ನಿಮಿಷಗಳು ಎಲ್ಲಿ ಹೋಗುತ್ತವೆ: ಒಂದು ಪ್ರಾಜೆಕ್ಟ್ ಪ್ರಸ್ತಾವನೆ

ಗೆ,
ಮುಖ್ಯಸ್ಥರು, ಸಂಖ್ಯಾಶಾಸ್ತ್ರ ವಿಭಾಗ
ನವನಗರ, ಬಾಗಲಕೋಟೆ

ಇಂದ,
ಬಿ.ಎಸ್ಸಿ. ಐದನೇ ಸೆಮಿಸ್ಟರಿನ ನಾಲ್ವರು ವಿದ್ಯಾರ್ಥಿಗಳು

ದಿನಾಂಕ: 4 ಆಗಸ್ಟ್ 2025

ವಿಷಯ: ಬೆಳಗಿನ ಕಾಲೇಜು ಬಸ್ಸುಗಳು ತಡವಾಗುವುದರ ಅಧ್ಯಯನಕ್ಕೆ ಅನುಮತಿ ಮತ್ತು ಮಾರ್ಗದರ್ಶನ ಕೋರಿ

ಮಾನ್ಯರೇ,

ನಮ್ಮ ಕಾಲೇಜಿಗೆ ಬೆಳಿಗ್ಗೆ ನಾಲ್ಕು ಬಸ್ಸು ಬರುತ್ತವೆ. ಒಂದು ಬೀಳಗಿಯಿಂದ ಹೊರಟು ಅನಗವಾಡಿ, ಗದ್ದನಕೇರಿ ಕ್ರಾಸ್ ಮೇಲೆ ಬರುತ್ತದೆ. ಇನ್ನೊಂದು ಲೋಕಾಪುರದಿಂದ ಕಲಾದಗಿ, ತುಳಸಿಗೇರಿ ಮೇಲೆ. ಮೂರನೆಯದು ಅಮೀನಗಡ, ಕಮತಗಿ ಕಡೆಯಿಂದ. ನಾಲ್ಕನೆಯದು ಹಳೇ ಬಾಗಲಕೋಟೆ ಮತ್ತು ವಿದ್ಯಾಗಿರಿ ಸುತ್ತಿ ಬರುವ ಊರ ಬಸ್ಸು. ನಾಲ್ಕೂ 8:45ಕ್ಕೆ ಗೇಟಿನೊಳಗೆ ಇರಬೇಕು. ಮೊದಲ ತರಗತಿ 9 ಗಂಟೆಗೆ.

ಎಷ್ಟೋ ದಿನ ಹಾಗಾಗುವುದಿಲ್ಲ. ತಮಗೂ ಗೊತ್ತಿದೆ, ಮೊದಲ ತರಗತಿಯ ಹಾಜರಿ ಕರೆಯುವಾಗ ಹಿಂದಿನ ಬೆಂಚುಗಳು ಖಾಲಿ ಇರುತ್ತವೆ. ನಮ್ಮ ತಂಡದ ಒಬ್ಬಳು ಅನಗವಾಡಿಯಲ್ಲಿ ಬಸ್ಸು ಹತ್ತುತ್ತಾಳೆ. ಕಳೆದ ಸೆಮಿಸ್ಟರಿನ ಒಂದು ಇಂಟರ್ನಲ್ ಟೆಸ್ಟಿನ ದಿನ ಅವಳು 8 ಗಂಟೆಗೇ ಸ್ಟಾಪಿನಲ್ಲಿದ್ದಳು. ಬಸ್ಸು ಬಂದದ್ದು 8:27ಕ್ಕೆ. ಕಾಲೇಜು ಮುಟ್ಟಿದಾಗ ಪ್ರಶ್ನೆಪತ್ರಿಕೆ ಕೊಟ್ಟು ಹದಿನೈದು ನಿಮಿಷವಾಗಿತ್ತು. ಬೇಗ ಎದ್ದು, ಬೇಗ ಬಂದು ನಿಂತವಳಿಗೆ ಹೀಗಾಯಿತು. ಈ ಪ್ರಾಜೆಕ್ಟಿನ ಯೋಚನೆ ಶುರುವಾದದ್ದು ಆ ದಿನವೇ.

ಬಸ್ಸು ತಡವಾದರೆ ಎಲ್ಲರೂ ಮೊದಲು ಡ್ರೈವರ್ ಕಾಕಾನನ್ನೇ ಬೈಯುತ್ತಾರೆ. ನಾವೂ ಬೈದಿದ್ದೇವೆ. ಜುಲೈಯಲ್ಲಿ ಒಬ್ಬ ಡ್ರೈವರ್ ಹತ್ತಿರ ಈ ವಿಷಯ ತೆಗೆದಾಗ ಅವರು ಹೇಳಿದ್ದು ಒಂದೇ ಮಾತು: "ಗಾಡಿ ನಾ ಓಡಸ್ತೀನಿ ಖರೇ, ದಾರಿ ನಂದಲ್ಲಲಾ." ಆಗ ನಮ್ಮ ಪ್ರಶ್ನೆ ಬದಲಾಯಿತು. ತಪ್ಪು ಯಾರದು ಅಂತ ಹುಡುಕುವುದು ನಮಗೆ ಬೇಡ. ನಿಮಿಷಗಳು ಎಲ್ಲಿ ಹೋಗುತ್ತವೆ ಅನ್ನುವುದು ಬೇಕು. ಹೊರಡುವಾಗಲೇ ಹೋದವೇ, ಸ್ಟಾಪಿನಲ್ಲಿ ಹೋದವೇ, ದಾರಿಯಲ್ಲಿ ಹೋದವೇ? ಇದು ಗೊತ್ತಾಗದೆ ಮಾಡುವ ಯಾವ ಬದಲಾವಣೆಯೂ ಸುಮ್ನೆ ಊಹೆಯಾಗುತ್ತದೆ.

ನಮ್ಮ ಪ್ರಶ್ನೆಗಳು

1. ಗೇಟಿನಲ್ಲಿ ಕಾಣುವ ಒಟ್ಟು ತಡದಲ್ಲಿ ಹೊರಡುವ ಜಾಗದ ಪಾಲು ಎಷ್ಟು, ಸ್ಟಾಪುಗಳದ್ದು ಎಷ್ಟು, ಓಟದ್ದು ಎಷ್ಟು?

2. ಸೋಮವಾರ, ಸಂತೆಯ ದಿನ, ಮಳೆ ಬಂದ ಮರುದಿನ ಬೆಳಿಗ್ಗೆ ತಡ ಜಾಸ್ತಿಯೇ? ತುಳಸಿಗೇರಿ ದಾರಿಯಲ್ಲಿ ಶನಿವಾರ ಬೇರೆಯಾಗಿ ಕಾಣುತ್ತದೆಯೇ? ಹಣಮಪ್ಪನ ಗುಡಿಗೆ ಬರುವ ಭಕ್ತರಿಂದ ಅಂದು ಜನ ಹೆಚ್ಚು.

3. ಕಬ್ಬಿನ ಹಂಗಾಮು ಶುರುವಾದ ಮೇಲೆ ಬೀಳಗಿ ಮತ್ತು ಲೋಕಾಪುರದ ಬಸ್ಸುಗಳು ಎಷ್ಟು ನಿಧಾನವಾಗುತ್ತವೆ? ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದಿದ್ದರೆ ಅದನ್ನು ದಾಟಿ ಹೋಗುವುದು ಸುಲಭವಲ್ಲ. ಎಲ್ಲರೂ ಹೇಳುವ ಮಾತು ಇದು. ಯಾರೂ ಅಳೆದಿಲ್ಲ.

4. ಬಸ್ಸು ತಡವಾದ ದಿನ ಮೊದಲ ತರಗತಿಯ ಹಾಜರಿ ಎಷ್ಟು ಇಳಿಯುತ್ತದೆ?

5. ವೇಳಾಪಟ್ಟಿಯೇ ಸರಿ ಇದೆಯೇ?

ಈ ಐದನೇ ಪ್ರಶ್ನೆಯ ಮೇಲೆ ನಮಗೆ ಹೆಚ್ಚು ಆಸೆ. ಬೀಳಗಿ ಬಸ್ಸು 7:40ಕ್ಕೆ ಹೊರಟು 8:45ಕ್ಕೆ ತಲುಪಬೇಕು. ಅಂದರೆ 65 ನಿಮಿಷ. ದಾರಿಯಲ್ಲಿ ಈಗ 14 ಸ್ಟಾಪುಗಳಿವೆ. ಒಂದೊಂದರಲ್ಲಿ ಒಂದೇ ನಿಮಿಷ ನಿಂತರೂ 14 ನಿಮಿಷ ಹೋಯಿತು. ಉಳಿದದ್ದು 51. ಈ ಪಟ್ಟಿ ಮಾಡಿದಾಗ ಇಷ್ಟು ಸ್ಟಾಪು ಇರಲಿಲ್ಲ ಅಂತ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಸ್ಟಾಪು ಒಂದೊಂದಾಗಿ ಸೇರಿದವು, ಹೊರಡುವ ಸಮಯ ಮಾತ್ರ ಹಾಗೇ ಉಳಿಯಿತು. ಅದು ನಿಜವಾದರೆ ಎಂಥ ಡ್ರೈವರ್ ಬಂದರೂ ಬಸ್ಸು ತಡವಾಗಲೇಬೇಕು, ಅಲ್ವಾ?

ಮಾಹಿತಿ ಎಲ್ಲಿಂದ

ಮೊದಲನೆಯದು ಗೇಟಿನ ರಿಜಿಸ್ಟರ್. ಬಸ್ಸು ಒಳಗೆ ಬಂದ ಸಮಯವನ್ನು ಕಾವಲುಗಾರ ಕಾಕಾ ದಿನವೂ ಬರೆಯುತ್ತಾರೆ. ಹೋದ ವರ್ಷದ್ದೂ ಇದೆ. ಆದರೆ ಅದನ್ನು ಹಾಗೇ ನಂಬುವಂತಿಲ್ಲ. ಜುಲೈ 21ರಿಂದ 26ರವರೆಗೆ ಆರು ದಿನ ನಾವು ಗೇಟಿನ ಹತ್ತಿರ ನಿಂತು ಫೋನಿನ ಗಡಿಯಾರ ನೋಡಿ ಬರೆದುಕೊಂಡೆವು. ಆಮೇಲೆ ರಿಜಿಸ್ಟರಿನೊಂದಿಗೆ ಹೋಲಿಸಿದೆವು. ಮಂಗಳವಾರ ಅಮೀನಗಡ ಬಸ್ಸು 8:52ಕ್ಕೆ, ಬೀಳಗಿ ಬಸ್ಸು 8:54ಕ್ಕೆ ಒಳಗೆ ಬಂದವು. ರಿಜಿಸ್ಟರಿನಲ್ಲಿ ಎರಡಕ್ಕೂ 8:50 ಅಂತಿತ್ತು. ಆರು ದಿನದ 24 ದಾಖಲೆಗಳಲ್ಲಿ 19ರ ಕೊನೆಯ ಅಂಕೆ ಸೊನ್ನೆ ಇಲ್ಲವೇ ಐದು. ಎಲ್ಲ ನಿಮಿಷಗಳೂ ಸಮನಾಗಿ ಬಂದಿದ್ದರೆ ಅಂಥವು ಸುಮಾರು ಐದೇ ಇರಬೇಕಿತ್ತು.

ಇದು ಕಾಕಾನ ತಪ್ಪಲ್ಲ. ಅವರು ಗೇಟು ತೆಗೆಯಬೇಕು, ಸೈಕಲ್ ಮೋಟಾರು ತಡೆಯಬೇಕು, ಐಡಿ ಕಾರ್ಡು ನೋಡಬೇಕು, ಆಮೇಲೆ ಪೆನ್ನು ಹುಡುಕಬೇಕು. ಅವರ ಕೆಲಸಕ್ಕೆ ಆ ದಾಖಲೆ ಸಾಕು. ನಮ್ಮ ಕೆಲಸಕ್ಕೆ ತಿದ್ದಿಕೊಳ್ಳಬೇಕು. ಅದಕ್ಕೆ ಮೊದಲ ಎರಡು ವಾರ ರಿಜಿಸ್ಟರ್ ಮತ್ತು ನಮ್ಮ ಗಡಿಯಾರ ಎರಡನ್ನೂ ಇಟ್ಟುಕೊಂಡು, ರಿಜಿಸ್ಟರ್ ಯಾವ ಕಡೆಗೆ ಎಷ್ಟು ವಾಲುತ್ತದೆ ಅಂತ ನೋಡುತ್ತೇವೆ. ಹಳೆಯ ರಿಜಿಸ್ಟರನ್ನು ತಿಂಗಳಿಗೆ ತಿಂಗಳು ಹೋಲಿಸಲು ಮಾತ್ರ ಬಳಸುತ್ತೇವೆ.

ಎರಡನೆಯದು ಬಸ್ಸಿನಲ್ಲಿರುವ ಜಿಪಿಎಸ್. ಇದರ ಮಾಹಿತಿ ಸಾರಿಗೆ ಶಾಖೆಯಲ್ಲಿದೆ. ಬಸ್ಸು ಎಲ್ಲಿ, ಎಷ್ಟು ಹೊತ್ತು ನಿಂತಿತ್ತು ಅಂತ ಅದು ಹೇಳುತ್ತದೆ. ಯಾಕೆ ನಿಂತಿತ್ತು ಅಂತ ಹೇಳುವುದಿಲ್ಲ. ಹಾಗಾಗಿ ಮೂರನೆಯದು ಬೇಕು: ಬಸ್ಸಿನೊಳಗೆ ಕೂತು ಬರೆಯುವ ವಿದ್ಯಾರ್ಥಿಗಳು. ಒಂದೊಂದು ದಾರಿಗೆ ಇಬ್ಬರು, ಪಾಳಿಯ ಮೇಲೆ. ಅವರು ಬರೆಯುವುದು ಹೀಗಿರುತ್ತದೆ. ಇದು ಜುಲೈ 22ರಂದು ಬೀಳಗಿ ಬಸ್ಸಿನಲ್ಲಿ ಬರೆದ ಒಂದು ಸಾಲು:

```
date,route,stop,planned,arrived,left,boarded
2025-07-22,BLG,Anagawadi,08:05,08:11,08:13,9
```

ಅನಗವಾಡಿಗೆ ಬರುವಷ್ಟರಲ್ಲೇ ಆರು ನಿಮಿಷ ತಡವಾಗಿತ್ತು. ಅಲ್ಲಿ ಒಂಬತ್ತು ಜನ ಹತ್ತಲು ಎರಡು ನಿಮಿಷ ಹಿಡಿಯಿತು. ಗೇಟು ಮುಟ್ಟಿದಾಗ ತಡ ಒಂಬತ್ತು ನಿಮಿಷ. ಅಂದರೆ ಅಂದಿನ ತಡದ ದೊಡ್ಡ ಪಾಲು ಅನಗವಾಡಿಗಿಂತ ಮೊದಲೇ ಆಗಿತ್ತು. ಇಂಥ ಸಾಲುಗಳು ನೂರಾರು ಸೇರಿದಾಗ ಚಿತ್ರ ಸ್ಪಷ್ಟವಾಗುತ್ತದೆ.

ಬರೆಯುವವರು ಬಸ್ಸು ಸಮಯಕ್ಕೆ ಬಂದ ದಿನವೂ ಬರೆಯಬೇಕು. ತಡವಾದ ದಿನ ಸಿಟ್ಟಿನಿಂದ ಎಲ್ಲರೂ ಬರೆಯುತ್ತಾರೆ, ಸರಿಯಾದ ದಿನ ಮರೆಯುತ್ತಾರೆ. ಹಾಗಾದರೆ ಬಸ್ಸು ಯಾವಾಗಲೂ ತಡ ಅಂತಲೇ ಲೆಕ್ಕ ಬರುತ್ತದೆ. ಅದಕ್ಕೇ ಬೇಕಾದವರು ಬೇಕಾದಾಗ ತುಂಬುವ ಫಾರ್ಮ್ ಇಡುತ್ತಿಲ್ಲ, ಪಾಳಿ ಇಡುತ್ತಿದ್ದೇವೆ.

ಉಳಿದವು ಚಿಕ್ಕವು. ಮಳೆಯ ಲೆಕ್ಕವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಾಹಿತಿಯಿಂದ ಪಡೆಯುತ್ತೇವೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ ದಿನವನ್ನು ಊರಲ್ಲೇ ಕೇಳಿ ಬರೆದುಕೊಳ್ಳುತ್ತೇವೆ. ಹಾಜರಿಯನ್ನು ವಿಭಾಗ ಕೊಡಬೇಕು, ಆದರೆ ದಾರಿಗೆ ಎಷ್ಟು ಜನ ಅನ್ನುವ ಸಂಖ್ಯೆ ಮಾತ್ರ ಸಾಕು. ಹೆಸರು, ನೋಂದಣಿ ಸಂಖ್ಯೆ ಬೇಡ.

ಡ್ರೈವರುಗಳ ಹೆಸರನ್ನೂ ಎಲ್ಲಿಯೂ ಬರೆಯುವುದಿಲ್ಲ. ಜಿಪಿಎಸ್ ಮಾಹಿತಿ ಬೆಳಿಗ್ಗೆ 7ರಿಂದ 9:15ರವರೆಗಿನದ್ದು ಮಾತ್ರ ಕೇಳುತ್ತೇವೆ. ಈ ಅಧ್ಯಯನದಿಂದ ಯಾರ ಸಂಬಳಕ್ಕೂ ಕತ್ತರಿ ಬೀಳಬಾರದು. ಈ ಮಾತನ್ನು ಡ್ರೈವರುಗಳಿಗೆ ನಾವು ಮೊದಲೇ ಹೇಳಬೇಕು. ತಾವೂ ಸಾರಿಗೆ ಶಾಖೆಗೆ ಬರೆಯುವ ಪತ್ರದಲ್ಲಿ ಇದನ್ನು ಸೇರಿಸಿದರೆ ದೊಡ್ಡ ಉಪಕಾರ. ಅವರಿಗೆ ಭಯವಿದ್ದರೆ ನಮಗೆ ನಿಜ ಸಿಗುವುದಿಲ್ಲ.

ಲೆಕ್ಕ ಹೇಗೆ

ಸರಾಸರಿಯನ್ನೇ ನೆಚ್ಚಿಕೊಳ್ಳುವುದಿಲ್ಲ. ಒಂದು ದಿನ ಟೈರು ಪಂಚರ್ ಆಗಿ ಬಸ್ಸು 50 ನಿಮಿಷ ತಡವಾದರೆ ಆ ವಾರದ ಸರಾಸರಿಯೇ ಕೆಡುತ್ತದೆ. ಅದರ ಬದಲು ಮಧ್ಯಾಂಕ ತೆಗೆಯುತ್ತೇವೆ. ಜೊತೆಗೆ ಹತ್ತು ದಿನಕ್ಕೆ ಎಷ್ಟು ದಿನ ಬಸ್ಸು ಹತ್ತು ನಿಮಿಷಕ್ಕಿಂತ ಜಾಸ್ತಿ ತಡ ಅಂತ ಎಣಿಸುತ್ತೇವೆ. ಸ್ಟಾಪಿನಲ್ಲಿ ಕಾಯುವವರಿಗೆ ಬೇಕಾದದ್ದು ಈ ಎರಡನೇ ಸಂಖ್ಯೆ. ಬಸ್ಸು ಸಮಯಕ್ಕಿಂತ ಮೊದಲೇ ಸ್ಟಾಪು ಬಿಟ್ಟರೆ ಅದನ್ನೂ ಬೇರೆಯಾಗಿ ಎಣಿಸುತ್ತೇವೆ, ಏಕೆಂದರೆ ಹಿಂದೆ ಉಳಿದವರ ಮಟ್ಟಿಗೆ ಅದು ತಡಕ್ಕಿಂತ ಕೆಟ್ಟದ್ದು. ವಾರದ ದಿನ, ಮಳೆ, ಕಬ್ಬು ಇವುಗಳ ಪರಿಣಾಮವನ್ನು ಹಿಂಚಲನ ವಿಶ್ಲೇಷಣೆಯಿಂದ ನೋಡುತ್ತೇವೆ. ಒಂದು ದಾರಿಯನ್ನು ಇನ್ನೊಂದು ದಾರಿಯ ಜೊತೆಗಲ್ಲ, ಅದೇ ದಾರಿಯ ಬೇರೆ ದಿನಗಳ ಜೊತೆ ಹೋಲಿಸುತ್ತೇವೆ. ಕೆಲಸ ಪೈಥಾನ್‌ನಲ್ಲಿ, `pandas` ಬಳಸಿ. ಲ್ಯಾಬಿನ ಕಂಪ್ಯೂಟರುಗಳೇ ಸಾಕು.

ಸಂಜೆಯ ಬಸ್ಸುಗಳನ್ನು ಸೇರಿಸಿಲ್ಲ. ಅವು ಇಲ್ಲಿಂದಲೇ ಹೊರಡುತ್ತವೆ, ತಡದ ಕಾರಣವೂ ಬೇರೆ.

ಸಮಯ

ಆಗಸ್ಟ್ 16ರೊಳಗೆ ಅನುಮತಿ ಸಿಕ್ಕರೆ 18ರಂದು ಶುರು ಮಾಡುತ್ತೇವೆ. ಮೊದಲ ಎರಡು ವಾರ ಪರೀಕ್ಷಾರ್ಥ. ಬರೆಯುವವರಿಗೆ ತರಬೇತಿ, ಗಡಿಯಾರಗಳ ಹೊಂದಾಣಿಕೆ, ರಿಜಿಸ್ಟರಿನ ತಿದ್ದುಪಡಿ ಇದರಲ್ಲೇ ಮುಗಿಯಬೇಕು. ಗಣೇಶ ಚತುರ್ಥಿಯ ರಜೆ ನಡುವೆ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿದ್ದೇವೆ.

ಸೆಪ್ಟೆಂಬರ್ 1ರಿಂದ ನವೆಂಬರ್ 22ರವರೆಗೆ ನಿಜವಾದ ಸಂಗ್ರಹ. ದಸರಾ, ದೀಪಾವಳಿ ಮತ್ತು ಭಾನುವಾರಗಳನ್ನು ಬಿಟ್ಟರೆ ಸುಮಾರು 60 ದಿನ, ನಾಲ್ಕು ಬಸ್ಸಿಗೆ 240 ಓಡಾಟ. ಅಕ್ಟೋಬರ್ ಮೊದಲ ವಾರ ತಮಗೆ ಮಧ್ಯಂತರ ವರದಿ ಕೊಡುತ್ತೇವೆ. ನವೆಂಬರ್ 24ರಿಂದ ಡಿಸೆಂಬರ್ 6ರವರೆಗೆ ವಿಶ್ಲೇಷಣೆ, ಡಿಸೆಂಬರ್ 13ಕ್ಕೆ ಅಂತಿಮ ವರದಿ ಮತ್ತು ಸೆಮಿನಾರ್.

ಒಂದು ಕೊರತೆಯನ್ನು ಈಗಲೇ ಹೇಳಿಬಿಡುತ್ತೇವೆ. ಕಬ್ಬಿನ ಹಂಗಾಮಿನ ಆರಂಭದ ಕೆಲವು ವಾರಗಳಷ್ಟೇ ನಮ್ಮ ಅವಧಿಗೆ ಸಿಗುತ್ತವೆ. ಹಂಗಾಮು ಮುಂದಿನ ವರ್ಷಕ್ಕೂ ನಡೆಯುತ್ತದೆ. ಆದ್ದರಿಂದ ಮೂರನೇ ಪ್ರಶ್ನೆಗೆ ಹೋದ ವರ್ಷದ ರಿಜಿಸ್ಟರಿನ ಆಸರೆ ಬೇಕೇ ಬೇಕು. ಅದು ಸಿಗದಿದ್ದರೆ ಆ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಕೊಡಬಲ್ಲೆವು.

ಕೊನೆಗೆ ಕೈಗೆ ಬರುವುದು

ವಿಭಾಗಕ್ಕೆ ಪೂರ್ಣ ವರದಿ. ಸಾರಿಗೆ ಶಾಖೆಗೆ ಮತ್ತು ಡ್ರೈವರುಗಳಿಗೆ ಕನ್ನಡದಲ್ಲಿ ಒಂದೇ ಹಾಳೆ, ಪ್ರತಿ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟು ನಿಮಿಷ ಹೋಗುತ್ತದೆ ಅನ್ನುವ ಚಿತ್ರದ ಜೊತೆ. ಮಾಹಿತಿ ಒಪ್ಪಿದರೆ ನಾಲ್ಕೂ ದಾರಿಗೆ ತಿದ್ದಿದ ವೇಳಾಪಟ್ಟಿಯ ಕರಡು. ಬೀಳಗಿ ಬಸ್ಸು ಹತ್ತು ನಿಮಿಷ ಮೊದಲು ಹೊರಡಬೇಕು ಅಂತ ಬಂದರೆ, ಅಲ್ಲಿನ ಹುಡುಗ ಹುಡುಗಿಯರು ಇನ್ನೂ ಬೇಗ ಏಳಬೇಕಾಗುತ್ತದೆ. ಹಾಗಾಗಿ ಎರಡು ಹತ್ತಿರದ ಸ್ಟಾಪುಗಳನ್ನು ಒಂದು ಮಾಡಿದರೆ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಪಕ್ಕದಲ್ಲೇ ತೋರಿಸುತ್ತೇವೆ.

ಮುದ್ರಣ ಮತ್ತು ಬೈಂಡಿಂಗಿಗೆ ಸುಮಾರು ₹1,200 ಆಗುತ್ತದೆ. ಅದನ್ನು ನಾವೇ ಹಾಕಿಕೊಳ್ಳುತ್ತೇವೆ. ತಮ್ಮಿಂದ ಬೇಕಾದದ್ದು ನಾಲ್ಕು: ಒಬ್ಬ ಮಾರ್ಗದರ್ಶಕರು, ಜಿಪಿಎಸ್ ಮಾಹಿತಿಗಾಗಿ ಸಾರಿಗೆ ಶಾಖೆಗೆ ಪತ್ರ, ಗೇಟಿನ ರಿಜಿಸ್ಟರಿನ ಫೋಟೋ ತೆಗೆಯಲು ಅನುಮತಿ, ಮೊದಲ ತರಗತಿಯ ದಾರಿವಾರು ಹಾಜರಿ ಸಂಖ್ಯೆ.

ಜುಲೈಯ ಆರು ದಿನದ ದಾಖಲೆಗಳು ನಮ್ಮ ಹತ್ತಿರ ಇವೆ. ತಾವು ಹೇಳಿದ ದಿನ, ಮಧ್ಯಾಹ್ನದ ಬಿಡುವಿನಲ್ಲಿ ತಂದು ತೋರಿಸುತ್ತೇವೆ.

ತಮ್ಮ ವಿಧೇಯ ವಿದ್ಯಾರ್ಥಿಗಳು,
ಬಿ.ಎಸ್ಸಿ. ಐದನೇ ಸೆಮಿಸ್ಟರ್